ಸಂಘದ ಸಾಲದ ಲೆಕ್ಕವನ್ನು ಆರು ಸಾಲಿನ ಟೇಬಲ್‌ನಲ್ಲಿ ತೋರಿಸಿದ್ದು

ಮಹಿಳಾ ಸ್ವಸಹಾಯ ಸಂಘಗಳಿಗೆ ಲೆಕ್ಕಪತ್ರದ ತರಬೇತಿ ಕೊಡುವುದು ನನ್ನ ಕೆಲಸ. ಸಾಲದ ಕಂತಿನ ಬಗ್ಗೆ ಪ್ರೆಸೆಂಟೇಶನ್ ಮಾಡಲು ಕೂತಾಗ ಒಂದು ವಿಷಯ ಮೊದಲೇ ಗೊತ್ತಿತ್ತು. ನೂರಕ್ಕೆ ಎರಡು ರೂಪಾಯಿ ಬಡ್ಡಿ ಅಂದರೆ ಏನು ಅಂತ ಯಾರಿಗೂ ಹೇಳಿಕೊಡಬೇಕಿಲ್ಲ. ಗೊಂದಲ ಇರುವುದು ಬೇರೆ ಕಡೆ: ಆ ಎರಡು ರೂಪಾಯಿ ಮೊದಲು ತೆಗೆದುಕೊಂಡ ಸಾಲದ ಮೇಲೋ, ಈಗ ಉಳಿದಿರುವ ಸಾಲದ ಮೇಲೋ? ಇಡೀ ಪ್ರೆಸೆಂಟೇಶನ್ ಈ ಒಂದು ಪ್ರಶ್ನೆಗೇ ಮೀಸಲಿಟ್ಟೆ.

ಉದಾಹರಣೆಗೆ 6,000 ರೂಪಾಯಿ ಸಾಲ, ಆರು ತಿಂಗಳು, ತಿಂಗಳಿಗೆ ನೂರಕ್ಕೆ 2 ರೂಪಾಯಿ ಬಡ್ಡಿ. ಅಸಲು ತಿಂಗಳಿಗೆ ಸರಿಯಾಗಿ 1,000 ಬರುತ್ತದೆ, ಬಡ್ಡಿ ಪ್ರತಿ ತಿಂಗಳು 20 ರೂಪಾಯಿ ಇಳಿಯುತ್ತದೆ. ಬಾಯಲ್ಲೇ ಲೆಕ್ಕ ಹಾಕಬಹುದು. ಹನ್ನೆರಡು ತಿಂಗಳ ಟೇಬಲ್ ಹಾಕಿದರೆ ಅಕ್ಷರ ಸಣ್ಣದಾಗುತ್ತದೆ, ಹಿಂದೆ ಕೂತವರಿಗೆ ಕಾಣುವುದಿಲ್ಲ.

| ತಿಂಗಳು | ಉಳಿದ ಸಾಲ | ಬಡ್ಡಿ | ಅಸಲು | ಕಟ್ಟಬೇಕಾದ್ದು |
|---|---|---|---|---|
| 1 | 6,000 | 120 | 1,000 | 1,120 |
| 2 | 5,000 | 100 | 1,000 | 1,100 |
| 3 | 4,000 | 80 | 1,000 | 1,080 |
| 4 | 3,000 | 60 | 1,000 | 1,060 |
| 5 | 2,000 | 40 | 1,000 | 1,040 |
| 6 | 1,000 | 20 | 1,000 | 1,020 |

ಇದನ್ನು ಒಟ್ಟಿಗೇ ತೋರಿಸಲಿಲ್ಲ. ಮೊದಲ ಎರಡು ಸಾಲು ಮಾತ್ರ ತುಂಬಿಸಿ, ಉಳಿದ ಮನೆಗಳನ್ನು ಖಾಲಿ ಬಿಟ್ಟೆ. "ಮೂರನೇ ತಿಂಗಳು ಎಷ್ಟು ಉಳೀತು ಅಕ್ಕಾ?" ಅಂತ ಕೇಳಿದರೆ ಉತ್ತರ ಅವರಿಂದಲೇ ಬರುತ್ತದೆ. ಅದೇ ಟೇಬಲ್ ಚಾರ್ಟ್ ಪೇಪರ್ ಮೇಲೂ ಬರೆದುಕೊಂಡು ಹೋಗಿದ್ದೆ. ಕರೆಂಟ್ ನಂಬಿ ಸಭೆ ಮಾಡೋಕಾಗುತ್ತಾ? ಅಂಕಿಗಳನ್ನು ಪಾಸ್‌ಬುಕ್‌ನಲ್ಲಿ ಇರುವ ಹಾಗೆ 1, 2, 3 ಅಂತಲೇ ಹಾಕಿದೆ. ಕನ್ನಡವನ್ನು ಯೂನಿಕೋಡ್‌ನಲ್ಲೇ ಟೈಪ್ ಮಾಡಿದೆ. ಹಳೆಯ ಫಾಂಟ್‌ನಲ್ಲಿ ಮಾಡಿದ ಸ್ಲೈಡ್, ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಬರೀ ಗಜಿಬಿಜಿಯಾಗಿ ಕಾಣುತ್ತದೆ.

ಬಡ್ಡಿಯ ಕಾಲಂ ಕೂಡಿದರೆ 420 ರೂಪಾಯಿ. ಅದಾದ ಮೇಲೆ ಎರಡನೇ ಟೇಬಲ್. ಅದೇ ಸಾಲ, ಅದೇ ಎರಡು ರೂಪಾಯಿ. ಆದರೆ ಬಡ್ಡಿ ಪ್ರತಿ ತಿಂಗಳೂ ಪೂರ್ತಿ 6,000ದ ಮೇಲೆ, ಅಂದರೆ ಆರೂ ತಿಂಗಳು 120. ಒಟ್ಟು 720. ಕೊನೇ ತಿಂಗಳು ಕೈಯಲ್ಲಿ ಉಳಿದಿರುವ ಸಾಲ ಬರೀ ಸಾವಿರ, ಬಡ್ಡಿ ಮಾತ್ರ ಆರು ಸಾವಿರದ್ದು. ಆ ಸಾಲನ್ನು ಕೆಂಪು ಬಣ್ಣದಲ್ಲಿ ಹಾಕಿದ್ದೆ. ಇದನ್ನೇ ಫ್ಲಾಟ್ ಬಡ್ಡಿ ಅನ್ನುವುದು.

ಮೂರನೇದು ಸ್ವಲ್ಪ ಕಿತಾಪತಿಯ ಪ್ರಶ್ನೆ. "ಒಬ್ಬರು ನೂರಕ್ಕೆ ಒಂದೇ ರೂಪಾಯಿ ಅಂತಾರೆ, ಆದರೆ ಫ್ಲಾಟ್. ಸಂಘದಲ್ಲಿ ಎರಡು ರೂಪಾಯಿ, ಉಳಿದ ಸಾಲದ ಮೇಲೆ. ಯಾವುದು ಅಗ್ಗ?" ಹೆಚ್ಚಿನವರು ಒಂದು ರೂಪಾಯಿಯದು ಅರ್ಧಕ್ಕರ್ಧ ಅಗ್ಗ ಅಂದುಕೊಳ್ಳುತ್ತಾರೆ. ಲೆಕ್ಕ ಹಾಕಿದರೆ ಅಲ್ಲಿ 360, ಇಲ್ಲಿ 420. ಅಗ್ಗ ಹೌದು, ಆದರೆ 60 ರೂಪಾಯಿಯಷ್ಟೇ. ಅದರ ಮೇಲೆ ಫೈಲ್ ಚಾರ್ಜ್ ಅಂತ ನೂರು ರೂಪಾಯಿ ಹಿಡಿದುಕೊಂಡರೆ ಆಗಲೇ ಜಾಸ್ತಿ. ಜತೆಗೆ, ಸಂಘದ ಬಡ್ಡಿ ಸಂಘದ ನಿಧಿಗೇ ಸೇರುತ್ತದೆ. ನನ್ನ ಪ್ರಕಾರ ಬೇರೆಲ್ಲ ಸ್ಲೈಡ್ ಬಿಟ್ಟರೂ ಇದೊಂದನ್ನು ಬಿಡಬಾರದು.

ಆಮೇಲೆ ಕಂತು ತಪ್ಪಿದರೆ ಏನಾಗುತ್ತದೆ ಅನ್ನುವುದು. ಮೂರನೇ ತಿಂಗಳು 80 ರೂಪಾಯಿ ಬಡ್ಡಿ ಮಾತ್ರ ಕಟ್ಟಿ ಅಸಲು ಕಟ್ಟಲಿಲ್ಲ ಅಂದುಕೊಳ್ಳಿ. ನಾಲ್ಕನೇ ತಿಂಗಳೂ ಉಳಿದ ಸಾಲ 4,000. ಬಡ್ಡಿ ಮತ್ತೆ 80. ಸಾಲ ಏಳನೇ ತಿಂಗಳಿಗೆ ಹೋಗುತ್ತದೆ, ಒಟ್ಟು ಬಡ್ಡಿ 500. ದಂಡ ಇಲ್ಲದಿದ್ದರೂ 80 ರೂಪಾಯಿ ಹೆಚ್ಚಾಯಿತು. ಅದೇ ಎರಡನೇ ತಿಂಗಳು ಕುರಿ ಮಾರಿದ ದುಡ್ಡಲ್ಲಿ ಕಂತಿನ ಜೊತೆ 2,000 ಹೆಚ್ಚಿಗೆ ಕಟ್ಟಿದರೆ ನಾಲ್ಕೇ ತಿಂಗಳಲ್ಲಿ ಸಾಲ ತೀರುತ್ತದೆ, ಬಡ್ಡಿ 280. ಫ್ಲಾಟ್ ಲೆಕ್ಕದಲ್ಲಿ ಇಷ್ಟು ಉಳಿಯುತ್ತದೆ ಅನ್ನುವ ಖಾತ್ರಿ ಇಲ್ಲ. ಪೂರ್ತಿ ಬಡ್ಡಿ ಮೊದಲೇ ಸೇರಿಸಿಟ್ಟಿದ್ದರೆ ಬೇಗ ಕಟ್ಟಿದರೂ ಅದನ್ನೇ ಕೇಳಬಹುದು.

ಪುಸ್ತಕ ಬರೆಯುವವರಿಗೆ ಎಕ್ಸೆಲ್ ಫೈಲ್ ಕೊಟ್ಟೆ. ಉಳಿದ ಸಾಲ B ಕಾಲಂನಲ್ಲಿ, ಬಡ್ಡಿ C ಯಲ್ಲಿ, ಅಸಲು D ಯಲ್ಲಿ. ಸೂತ್ರ ಇಷ್ಟೇ:

```
C2: =B2*2/100
B3: =B2-D2
```

ಅಸಲನ್ನು ಮಾತ್ರ ಕೈಯಿಂದ ತುಂಬಬೇಕು. ಕಂತು ತಪ್ಪಿದರೆ ಸೊನ್ನೆ, ಹೆಚ್ಚು ಕಟ್ಟಿದರೆ ಹೆಚ್ಚು.

ಬ್ಯಾಂಕಿನ ಇಎಂಐ ಈ ಟೇಬಲ್‌ಗೆ ಹೊಂದುವುದಿಲ್ಲ, ಅದನ್ನು ಮೊದಲೇ ಹೇಳಿಬಿಡಬೇಕು. ಅಲ್ಲಿ ಪ್ರತಿ ತಿಂಗಳೂ ಒಂದೇ ಮೊತ್ತ. ಇದೇ ಸಾಲಕ್ಕೆ ಇದೇ ಬಡ್ಡಿಯಾದರೆ ಸುಮಾರು 1,071. ಮೊದಲ ತಿಂಗಳು ಅದರಲ್ಲಿ 120 ಬಡ್ಡಿ, 951 ಅಸಲು. ಎರಡನೇ ತಿಂಗಳು 101 ಬಡ್ಡಿ, 970 ಅಸಲು. ಕಂತು ಒಂದೇ ಥರ ಇದೆ ಅಂತ ಅದು ಫ್ಲಾಟ್ ಅಲ್ಲ. ಯಾವುದು ಅಂತ ತಿಳಿಯಲು ಕಂತಿನ ಮೊತ್ತ ನೋಡಿದರೆ ಸಾಲದು, ಮರುಪಾವತಿ ಪಟ್ಟಿಯ ಬಡ್ಡಿ ಕಾಲಂ ನೋಡಬೇಕು. ಅದು ತಿಂಗಳಿಂದ ತಿಂಗಳಿಗೆ ಇಳಿಯುತ್ತಿದ್ದರೆ ಉಳಿದ ಸಾಲದ ಮೇಲಿನ ಬಡ್ಡಿ. ಪಟ್ಟಿ ಕೊಡದಿದ್ದರೆ ಸಹಿ ಹಾಕುವ ಮೊದಲೇ ಕೇಳಿ ತೆಗೆದುಕೊಳ್ಳಿ ಅಂತ ಕೊನೇ ಸ್ಲೈಡ್‌ನಲ್ಲಿ ಬರೆದಿದ್ದೆ.