ಉರಿಮೂತ್ರಕ್ಕೆ ಮಾತ್ರೆ ನುಂಗುವ ಮೊದಲು ಮೂತ್ರ ಪರೀಕ್ಷೆಗೆ ಕೊಡಿ
ಹೆಣ್ಣುಮಕ್ಕಳೇ, ಮೂತ್ರ ಮಾಡುವಾಗ ಉರಿ, ಗಳಿಗೆಗೊಮ್ಮೆ ಅವಸರ, ಹೋದರೆ ನಾಲ್ಕೇ ಹನಿ ಅಂತಿದ್ದರೆ ಅದು ಹೆಚ್ಚಾಗಿ ಮೂತ್ರಕೋಶದ ಸೋಂಕು. ಮೆಡಿಕಲ್‌ನಲ್ಲಿ ಆಂಟಿಬಯೋಟಿಕ್ ಕೇಳಿ ತಗೊಳ್ಳಬೇಡಿ, ಮೊದಲು ಡಾಕ್ಟರ ಹತ್ತಿರ ಹೋಗಿ ಮೂತ್ರದ ಸ್ಯಾಂಪಲ್ ಕೊಡಿ. ಮೊದಲ ಸ್ವಲ್ಪ ಬಿಟ್ಟು, ನಡುವಿನದ್ದನ್ನು ಲ್ಯಾಬಿನವರು ಕೊಡುವ ಡಬ್ಬಿಗೆ ಹಿಡಿದು, ತಡಮಾಡದೆ ತಲುಪಿಸಿ. ಒಂದೆರಡು ಮಾತ್ರೆ ನುಂಗಿದ ಮೇಲೆ, ಲ್ಯಾಬಿನಲ್ಲಿ ಮೂತ್ರದ ಕ್ರಿಮಿಯನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಯಲ್ಲಿ ಕ್ರಿಮಿ ಬೆಳೆಯದೇ ಹೋಗಬಹುದು. ಆಗ ಯಾವ ಔಷಧಿ ನಾಟುತ್ತದೆ ಅಂತ ತಿಳಿಯುವುದಿಲ್ಲ. ಪದೇ ಪದೇ ಬರುವವರಿಗೆ ಇದು ತುಂಬಾ ಮುಖ್ಯ. ಸ್ಯಾಂಪಲ್ ಕೊಟ್ಟ ಮೇಲೆ ರಿಪೋರ್ಟಿಗೆ ಕಾಯಬೇಕಿಲ್ಲ, ಡಾಕ್ಟರ್ ಅವತ್ತೇ ಮಾತ್ರೆ ಶುರು ಮಾಡಬಹುದು. ಬಾರ್ಲಿ ನೀರು, ಎಳನೀರು, ಮೆಡಿಕಲ್‌ನ ಉರಿಮೂತ್ರದ ಸಿರಪ್ ಉರಿಯನ್ನು ತಗ್ಗಿಸಬಹುದು, ಆದರೆ ಕ್ರಿಮಿಯನ್ನು ಕೊಲ್ಲುವುದಿಲ್ಲ. ತೀರಾ ಸಣ್ಣದಾಗಿದ್ದರೆ ಒಂದು ದಿನ ನೀರು ಕುಡಿದು ನೋಡಬಹುದು, ಕಡಿಮೆಯಾಗದಿದ್ದರೆ ಕಾಯಬೇಡಿ. ತುರಿಕೆ, ಬಿಳಿ ಸೆರಗು ಇದ್ದರೆ ಅದು ಬೇರೆಯದೇ ಇರಬಹುದು, ಮೂತ್ರ ಪರೀಕ್ಷೆಯೊಂದೇ ಸಾಲದು. ಚಳಿಜ್ವರ, ಪಕ್ಕೆ ಅಥವಾ ಬೆನ್ನಿನ ನೋವು, ವಾಂತಿ ಬಂದರೆ ಸೋಂಕು ಕಿಡ್ನಿಗೆ ಏರಿರಬಹುದು. ಮಂಡ್ಯದ ಮಿಮ್ಸ್ ಆಗಲಿ, ಮೈಸೂರಿನ ಕೆ.ಆರ್. ಆಸ್ಪತ್ರೆಯಾಗಲಿ, ಅವತ್ತೇ ಹೋಗಿ. ಬಸುರಿಯಾಗಿದ್ದರೆ, ಮುಟ್ಟು ತಪ್ಪಿದ್ದರೂ ಸರಿ, ಮನೆಮದ್ದಿಗೆ ಒಂದು ದಿನವೂ ಕೊಡಬೇಡಿ, ಡಾಕ್ಟರಿಗೆ ಮೊದಲೇ ಹೇಳಿ.