ಒಂದು ದೋಸೆಗೆ ಎಷ್ಟು ಕಾಫಿ? ಬಜೆಟ್ ರೇಖೆ ನನಗೆ ಅರ್ಥವಾದ ಬಗೆ

ಪಿಯು ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿಕೊಡುವುದು ನನ್ನ ಕೆಲಸ. ಕೆಲವು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ಬೋರ್ಡಿನ ಮೇಲೆ ತಪ್ಪು ಚಿತ್ರ ಬರೆದೆ. ಒಂದು ವಸ್ತುವಿನ ಬೆಲೆ ಮಾತ್ರ ಏರಿದೆ ಎಂದು ಬಾಯಲ್ಲಿ ಹೇಳಿದೆ. ಕೈ ಮಾತ್ರ, ಇರುವ ದುಡ್ಡಿಗೆ ಎರಡು ವಸ್ತು ಎಷ್ಟೆಷ್ಟು ಬರುತ್ತವೆ ಎಂದು ತೋರಿಸುವ ಬಜೆಟ್ ರೇಖೆಯನ್ನು ಇದ್ದ ಹಾಗೇ ಒಳಗೆ ಸರಿಸಿ, ಸಮಾನಾಂತರವಾಗಿ ಎಳೆಯಿತು. ಯಾರೂ ಕೇಳಲಿಲ್ಲ, ಎಲ್ಲರೂ ಬರೆದುಕೊಂಡರು. ಸಂಜೆ ಬಸ್ಸಿನಲ್ಲಿ ಕೂತಾಗ ಹೊಳೆಯಿತು. ಮಾರನೆಯ ದಿನ ತಿದ್ದಿದೆ, ಅದು ದೊಡ್ಡ ವಿಷಯವಲ್ಲ. ಆದರೆ ಇಷ್ಟು ವರ್ಷ ಹೇಳಿಕೊಟ್ಟ ಮೇಲೂ ಕೈ ತಪ್ಪಿತು ಅಂದರೆ, ಚಿತ್ರ ನನಗೆ ಬಾಯಿಪಾಠ ಆಗಿತ್ತೇ ಹೊರತು ಒಳಗೆ ಇಳಿದಿರಲಿಲ್ಲ.

ದ್ವಿತೀಯ ಪಿಯುಸಿ ಪಠ್ಯದಲ್ಲಿ ಉದಾಹರಣೆ ಬಾಳೆಹಣ್ಣು ಮತ್ತು ಮಾವಿನಹಣ್ಣಿನದು. ಅದನ್ನು ಪಕ್ಕಕ್ಕಿಟ್ಟು ನನ್ನದೇ ಖರ್ಚನ್ನು ತೆಗೆದುಕೊಂಡೆ. ಕಾಲೇಜಿನ ಎದುರಿನ ಹೋಟೆಲಿನಲ್ಲಿ ಆಗ ಮಸಾಲೆ ದೋಸೆ 40 ರೂಪಾಯಿ, ಕಾಫಿ 10 ರೂಪಾಯಿ. ವಾರಕ್ಕೆ 320 ರೂಪಾಯಿ ಮಾತ್ರ ಅಲ್ಲಿ ಕಳೆಯುವುದು ಎಂದು ನಿಯಮ ಮಾಡಿಕೊಂಡೆ. ಪುಸ್ತಕದ `p1x1 + p2x2 = M` ನನ್ನ ಡೈರಿಯಲ್ಲಿ `40x + 10y = 320` ಆಯಿತು. ಎಲ್ಲಾ ದೋಸೆಗೇ ಹಾಕಿದರೆ 8 ದೋಸೆ, ಎಲ್ಲಾ ಕಾಫಿಗೇ ಹಾಕಿದರೆ 32 ಕಾಫಿ. ಗ್ರಾಫ್ ಹಾಳೆಯಲ್ಲಿ ದೋಸೆಯನ್ನು ಅಡ್ಡಕ್ಕೂ ಕಾಫಿಯನ್ನು ಉದ್ದಕ್ಕೂ ಇಟ್ಟು ಎರಡು ತುದಿ ಸೇರಿಸಿದರೆ ಬಜೆಟ್ ರೇಖೆ ಸಿದ್ಧ. ಅದರ ಇಳಿಜಾರು 40 ಭಾಗಿಸು 10, ಅಂದರೆ 4. ಇದರ ಅರ್ಥ ಇಷ್ಟೇ: ನಾನು ಒಂದು ದೋಸೆ ಬಿಟ್ಟರೆ ಅಂಗಡಿ ನನಗೆ 4 ಕಾಫಿ ಕೊಡುತ್ತದೆ.

ಇದು ಅಂಗಡಿಯ ದರ. ಇನ್ನು ನನ್ನ ದರ ಎಷ್ಟು? ಪಠ್ಯದಲ್ಲಿ ಇದಕ್ಕೆ ಸೀಮಾಂತ ಬದಲಿ ದರ ಎಂಬ ಹೆಸರಿದೆ. ತರಗತಿಯಲ್ಲಿ ನಾನು ಎಂಆರ್‌ಎಸ್ ಎಂದೇ ಹೇಳುವುದು. ಇದನ್ನು ಅಳೆಯಲು ಹೋಗಿ ಮೊದಲು ಎಡವಿದೆ. "ದೋಸೆ ನನಗೆ ಎಷ್ಟು ಇಷ್ಟ?" ಎಂದು ಕೇಳಿಕೊಂಡೆ, ಉತ್ತರವೇ ಬರಲಿಲ್ಲ. ಇಷ್ಟಕ್ಕೆ ಅಳತೆ ಎಲ್ಲಿದೆ? ಆಮೇಲೆ ಪ್ರಶ್ನೆ ಬದಲಾಯಿಸಿದೆ. "ಈ ವಾರ ಒಂದು ದೋಸೆ ಕಮ್ಮಿ ಆದರೆ, ಬೇಜಾರಾಗದೆ ಇರಲು ನನಗೆ ಎಷ್ಟು ಕಾಫಿ ಜಾಸ್ತಿ ಬೇಕು?" ಇದಕ್ಕೆ ಉತ್ತರ ತಟ್ಟನೆ ಬರುತ್ತದೆ.

ವಾರಕ್ಕೆ 6 ದೋಸೆ, 8 ಕಾಫಿ ಎಂದು ಇಟ್ಟುಕೊಂಡೆ. ದಿನಾ ದೋಸೆ ತಿಂದು ಸಾಕಾಗಿರುತ್ತದೆ, ಕಾಫಿಗೆ ಮಾತ್ರ ಜೀವ ಬಾಯಿಬಿಡುತ್ತಿರುತ್ತದೆ. ಒಂದು ದೋಸೆ ಬಿಡಲು ಒಂದೂವರೆ ಕಾಫಿ ಕೊಟ್ಟರೂ ಒಪ್ಪಿಕೊಳ್ಳುತ್ತೇನೆ. ಅಂಗಡಿ ಕೊಡುವುದು 4! ಯಾಕೆ ಬಿಡಬಾರದು? ಬಿಟ್ಟೆ. ಈಗ 5 ದೋಸೆ, 12 ಕಾಫಿ. ಇಲ್ಲಿಂದ ಇನ್ನೊಂದು ಬಿಡಬೇಕಾದರೆ ಸುಮಾರು 3 ಕಾಫಿ ಕೇಳುತ್ತೇನೆ. ಅಂಗಡಿ ಇನ್ನೂ 4 ಕೊಡುತ್ತಿದೆ, ಹಾಗಾಗಿ ಅದನ್ನೂ ಬಿಟ್ಟೆ. ಈಗ 4 ದೋಸೆ, 16 ಕಾಫಿ. ಇನ್ನೂ ಒಂದು? ಈ ಸಲ ಮನಸ್ಸು 5 ಕಾಫಿಗಿಂತ ಕಮ್ಮಿಗೆ ಒಪ್ಪಲಿಲ್ಲ. ಅಂಗಡಿಯ ದರ ಬದಲಾಗಿಲ್ಲ, ಅದು ಈಗಲೂ 4. ಅಲ್ಲಿಗೆ ನಿಂತೆ.

ಅಂಗಡಿಯ ಜೊತೆ ಮಾಡುವ ಯಾವ ಅದಲು ಬದಲಿನಲ್ಲೂ ಇನ್ನು ಲಾಭವಿಲ್ಲ ಎನ್ನುವ ಜಾಗ ಅದು. ಅನುಭೋಗಿಯ ಗರಿಷ್ಠ ತೃಪ್ತಿಯ ಬಿಂದು ಎಂದು ಪುಸ್ತಕದಲ್ಲಿ ಬರುವುದು ಇದೇ. ಒಬ್ಬರು ಔದಾಸೀನ್ಯ ರೇಖೆ ಎನ್ನುವ, ಇನ್ನೊಬ್ಬರು ತಟಸ್ಥ ರೇಖೆ ಎನ್ನುವ, ಒಂದೇ ಅಷ್ಟು ತೃಪ್ತಿ ಕೊಡುವ ಜೋಡಿಗಳನ್ನೆಲ್ಲ ಸೇರಿಸುವ ಬಾಗಿದ ಗೆರೆ ಬಜೆಟ್ ರೇಖೆಯನ್ನು ಇಲ್ಲಿ ಮುಟ್ಟಿ ಹೋಗುತ್ತದೆ, ಕತ್ತರಿಸುವುದಿಲ್ಲ. ಕತ್ತರಿಸಿದರೆ ಎರಡು ದರಗಳ ನಡುವೆ ಇನ್ನೂ ವ್ಯತ್ಯಾಸ ಉಳಿದಿದೆ, ಬದಲಾಯಿಸಿಕೊಳ್ಳಲು ಜಾಗ ಇದೆ ಎಂದರ್ಥ. ದೋಸೆಯನ್ನು ಕಾಲುಭಾಗ ಮಾಡಿ ಕೊಡುವುದಿಲ್ಲವಲ್ಲ, ಹಾಗಾಗಿ ನನ್ನ ಡೈರಿಯಲ್ಲಿ ಸರಿಯಾಗಿ 4 ಎಂಬ ಎಂಆರ್‌ಎಸ್ ಎಲ್ಲೂ ಕಾಣಲಿಲ್ಲ. ಒಂದು ಕಡೆ 3, ಇನ್ನೊಂದು ಕಡೆ 5, ನಡುವೆ ಅಂಗಡಿಯ 4 ಕೂತಿತ್ತು. ಬಿಡಿಬಿಡಿ ವಸ್ತುಗಳಲ್ಲಿ ಸಮ ಎನ್ನುವುದು ಹೀಗೇ ಕಾಣುತ್ತದೆ.

ಮಕ್ಕಳು ಇಲ್ಲಿ ಮಾಡುವ ತಪ್ಪು ಒಂದೇ. ಬೆಲೆ ಅನುಪಾತವನ್ನು ತಲೆಕೆಳಗು ಮಾಡುತ್ತಾರೆ. ಒಂದು ದೋಸೆಗೆ ಎಷ್ಟು ಕಾಫಿ ಎಂದು ಎಂಆರ್‌ಎಸ್ ಲೆಕ್ಕ ಹಾಕಿ, ಕಾಫಿ ಬೆಲೆಯನ್ನು ಮೇಲೆ ಬರೆಯುತ್ತಾರೆ. ಬಾಯಿಬಿಟ್ಟು ಹೇಳಿಸಿದರೆ ತಪ್ಪು ತಾನೇ ಸಿಕ್ಕಿಬೀಳುತ್ತದೆ: "ಒಂದು ದೋಸೆ ದುಡ್ಡಿಗೆ ಕಾಲು ಕಾಫಿ ಬರುತ್ತೆ ಮೇಡಂ" ಎಂದು ಅವರೇ ಹೇಳಿ ನಗುತ್ತಾರೆ.

ಇನ್ನು ನಾನು ತಪ್ಪಿದ ಚಿತ್ರಕ್ಕೆ ಬರೋಣ. ಕೆಲವು ತಿಂಗಳಿಗೆ ದೋಸೆ 50 ರೂಪಾಯಿ ಆಯಿತು. ಕಾಫಿಯ ಕಡೆಯ ತುದಿ ಅಲ್ಲೇ ಇದೆ, ಯಾಕಂದರೆ ದೋಸೆಯನ್ನೇ ಮುಟ್ಟದವನಿಗೆ ಈಗಲೂ 32 ಕಾಫಿ ಸಿಗುತ್ತದೆ. ದೋಸೆಯ ಕಡೆಯ ತುದಿ 8ರಿಂದ 6.4ಕ್ಕೆ ಬಂತು. ಅಂದರೆ ರೇಖೆ ಸರಿಯಲಿಲ್ಲ, ಬಾಗಿಲು ತಿರುಗಿದ ಹಾಗೆ ಒಂದು ತುದಿಯ ಮೇಲೆ ತಿರುಗಿತು. ಅಂಗಡಿಯ ದರ 4 ಹೋಗಿ 5 ಆಯಿತು. ನಾನು 3 ದೋಸೆ, 17 ಕಾಫಿಗೆ ಇಳಿದೆ. ಮುಂದಿನ ಸಲ ತುಟ್ಟಿಭತ್ಯೆ ಬಂದಾಗ ಹೋಟೆಲಿನ ಲೆಕ್ಕವನ್ನು 400ಕ್ಕೆ ಏರಿಸಿದೆ. ಆಗ ಎರಡೂ ತುದಿ ಹೊರಗೆ ಹೋದವು, 8 ದೋಸೆ ಮತ್ತು 40 ಕಾಫಿ. ಅಂಗಡಿಯ ದರ ಮಾತ್ರ 5ರಲ್ಲೇ ಉಳಿಯಿತು. ಸಮಾನಾಂತರ ಎಂದರೆ ಇದು. ಈಗ ಬೋರ್ಡಿನ ಮುಂದೆ ಸೀಮೆಸುಣ್ಣ ಎತ್ತುವ ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಬದಲಾಗಿದ್ದು ಅಂಗಡಿಯ ದರವೋ, ನನ್ನ ಪರ್ಸೋ? ದರ ಬದಲಾದರೆ ಇಳಿಜಾರು ಬದಲಾಗುತ್ತದೆ. ಪರ್ಸು ಮಾತ್ರ ಆದರೆ ಗೆರೆ ಸುಮ್ನೆ ಸರಿಯುತ್ತದೆ.

ಇಷ್ಟಾದ ಮೇಲೆ ಎಲ್ಲಾ ಗೊತ್ತಾಯಿತು ಅಂದುಕೊಂಡಿದ್ದೆ. ಆಗ ಅನ್ನಭಾಗ್ಯದ ದುಡ್ಡು ಬಂತು.

2023ರ ಜುಲೈನಲ್ಲಿ ರಾಜ್ಯ ಸರ್ಕಾರ ಬಿಪಿಎಲ್ ಕಾರ್ಡಿನ ಮನೆಗಳಲ್ಲಿ ಪ್ರತಿಯೊಬ್ಬರಿಗೆ ಇನ್ನೂ 5 ಕೆಜಿ ಅಕ್ಕಿ ಕೊಡಬೇಕಿತ್ತು. ಅಷ್ಟು ಅಕ್ಕಿ ಸಿಗಲಿಲ್ಲ. ಅದರ ಬದಲು ಕೆಜಿಗೆ 34 ರೂಪಾಯಿಯಂತೆ ತಲಾ 170 ರೂಪಾಯಿಯನ್ನು ಖಾತೆಗೆ ಹಾಕಿದರು. 2025ರ ಫೆಬ್ರವರಿಯಿಂದ ಮತ್ತೆ ದುಡ್ಡಿನ ಬದಲು ಅಕ್ಕಿ. ಬಜೆಟ್ ರೇಖೆಗೆ ಇದಕ್ಕಿಂತ ಒಳ್ಳೆಯ ಪಾಠ ಯಾರು ಕೊಡುತ್ತಾರೆ? ಮೊದಲಿನಿಂದ ಬರುವ ಧಾನ್ಯ ಎರಡೂ ಕಾಲದಲ್ಲಿ ಇದ್ದದ್ದೇ, ಅದನ್ನು ಲೆಕ್ಕದಿಂದ ಬಿಟ್ಟೆ. ನಾಲ್ಕು ಜನರ ಮನೆ, ಹೆಚ್ಚುವರಿ ಅಕ್ಕಿ 20 ಕೆಜಿ, ಇಲ್ಲವೇ 680 ರೂಪಾಯಿ. ಕೈಯಲ್ಲಿ ಬೇರೆ ಖರ್ಚಿಗೆ 6000 ರೂಪಾಯಿ ಇದೆ, ಅಂಗಡಿಯಲ್ಲಿ ಅಕ್ಕಿ ಕೆಜಿಗೆ 45 ಎಂದು ಇಟ್ಟುಕೊಳ್ಳೋಣ. ಈ ಎರಡು ಅಂಕಿ ನನ್ನ ಅಂದಾಜು.

ಹಾಳೆಯಲ್ಲಿ ಅಕ್ಕಿ ಅಡ್ಡಕ್ಕೆ, ಉಳಿದ ಖರ್ಚಿನ ದುಡ್ಡು ಉದ್ದಕ್ಕೆ. ದುಡ್ಡು ಕೊಟ್ಟರೆ ಗೆರೆ 6680ರಿಂದ ಶುರುವಾಗಿ ಕೆಜಿಗೆ 45ರಂತೆ ನೇರ ಇಳಿಯುತ್ತದೆ. ಇದು ತುಟ್ಟಿಭತ್ಯೆಯ ಚಿತ್ರವೇ, ಸಮಾನಾಂತರ ಸರಿತ. ಅಕ್ಕಿ ಕೊಟ್ಟರೆ ಗೆರೆ 6000ದಲ್ಲಿ ಶುರುವಾಗಿ 20 ಕೆಜಿಯವರೆಗೆ ಮಟ್ಟಸವಾಗಿ ಹೋಗುತ್ತದೆ, ಯಾಕಂದರೆ ಆ ಅಕ್ಕಿಗೆ ದುಡ್ಡು ಕೊಡಬೇಕಿಲ್ಲ. ಅಲ್ಲಿ ಒಂದು ಮೂಲೆ. ಮೂಲೆ ದಾಟಿದ ಮೇಲೆ 45ರ ಇಳಿಜಾರು.

ಎರಡು ಗೆರೆಗಳು 15 ಕೆಜಿ ದಾಟುತ್ತಲೇ ಒಂದನ್ನೊಂದು ಕತ್ತರಿಸುತ್ತವೆ. ಇದನ್ನು ನಾನು ನಿರೀಕ್ಷಿಸಿರಲಿಲ್ಲ. ದುಡ್ಡನ್ನು 34ರ ಲೆಕ್ಕದಲ್ಲಿ ಕೊಟ್ಟು ಅಂಗಡಿಯವನು 45 ಕೇಳಿದರೆ 680 ರೂಪಾಯಿಗೆ 15 ಕೆಜಿ ಚಿಲ್ಲರೆ ಮಾತ್ರ ಬರುತ್ತದೆ. ಹಾಗಾಗಿ ಮೂರು ಹೊತ್ತೂ ಅನ್ನ ಉಣ್ಣುವ ಮನೆಗೆ ಅಕ್ಕಿಯೇ ಲಾಭ. 20 ಕೆಜಿ ಬೇಕಾದವರಿಗೆ ದುಡ್ಡಿನ ಕಾಲದಲ್ಲಿ 220 ರೂಪಾಯಿ ಕೈಯಿಂದ ಹೋಗುತ್ತದೆ. ಕಮ್ಮಿ ಅಕ್ಕಿ ಸಾಕಾಗುವ ಮನೆಗೆ ದುಡ್ಡು ವಾಸಿ.

ನಮ್ಮ ಬೀದಿಯಲ್ಲಿ ಅಂಥ ಮನೆ ಇದೆ. ಮಂಡ್ಯ ಕಡೆಯವರು, ರಾತ್ರಿ ಮುದ್ದೆ ಇಲ್ಲದೆ ಊಟವಿಲ್ಲ. ಅಕ್ಕಿ ಮತ್ತೆ ಶುರುವಾದ ಮೇಲೆ ಆ ಮನೆಯಾಕೆಯನ್ನು ಕೇಳಿದೆ, ದುಡ್ಡು ಬರುತ್ತಿದ್ದಾಗ ಎಷ್ಟು ಅಕ್ಕಿ ಕೊಂಡುಕೊಳ್ತಿದ್ರಿ ಎಂದು.

"ಎಂಟು ಕೆಜಿ ಆದ್ರೆ ಜಾಸ್ತಿ ಮೇಡಂ. ಮಿಕ್ಕಿದ್ದು ಎಣ್ಣೆ ಬೇಳೆಗೆ ಆಗೋದು."

"ಈಗ ಇಪ್ಪತ್ತು ಕೆಜಿ ಇದೆಯಲ್ಲ, ಇನ್ನೊಂದು ಕೆಜಿ ಬೇಕಾದರೆ ಎಷ್ಟು ಕೊಡ್ತೀರಿ?"

"ಐದು ರೂಪಾಯಿಗೆ ಕೊಟ್ರೆ ದೋಸೆ ಹಿಟ್ಟಿಗೆ ಅಂತ ತಗೋಬಹುದು, ಅಷ್ಟೇ."

ಆಕೆಗೆ ಗೊತ್ತಿಲ್ಲದೆಯೇ ಎರಡು ಎಂಆರ್‌ಎಸ್ ಹೇಳಿದ್ದರು. 8 ಕೆಜಿಯ ಹತ್ತಿರ 45, ಯಾಕಂದರೆ ಅಲ್ಲಿಗೆ ಕೊಳ್ಳುವುದನ್ನು ನಿಲ್ಲಿಸುತ್ತಿದ್ದರು. 20 ಕೆಜಿಯಲ್ಲಿ 5. ನಡುವಿನ 12 ಕೆಜಿಗೆ ಬೆಲೆ ಸಮನಾಗಿ ಇಳಿದಿದೆ ಎಂದುಕೊಂಡರೆ ಸರಾಸರಿ 25, ಒಟ್ಟು 300 ರೂಪಾಯಿ. ದುಡ್ಡಿನ ಕಾಲದಲ್ಲಿ ಎಂಟು ಕೆಜಿಗೆ 360 ಹೋಗಿ ಅವರಿಗೆ ಉಳಿಯುತ್ತಿದ್ದದ್ದು 320. ಅಂದರೆ ನಷ್ಟ ಬರೀ 20 ರೂಪಾಯಿಯಷ್ಟು. ಹೆಚ್ಚಿಗೆ ಬಂದ ಅಕ್ಕಿಯೆಲ್ಲ ದಂಡ ಎಂದು ನಾನು ಅಂದುಕೊಂಡಿದ್ದೆ, ಹಾಗಿರಲಿಲ್ಲ. ದೋಸೆ, ಇಡ್ಲಿ, ಹಬ್ಬಕ್ಕೆ ಪೊಂಗಲ್, ಏನೋ ಒಂದು ಆಗುತ್ತದೆ.

ಪಡಿತರ ಅಕ್ಕಿ ಮಾರುವುದು ಅಪರಾಧ. ಆದರೂ ಊರೂರಲ್ಲಿ ನಡೆಯುತ್ತದೆ. ಕೆಜಿಗೆ 15ಕ್ಕೆ ಯಾರಾದರೂ ಕೊಳ್ಳುತ್ತಾರೆ ಅಂದರೆ ಮಟ್ಟಸ ಗೆರೆಯ ಜಾಗದಲ್ಲಿ 15ರ ಇಳಿಜಾರು ಬರುತ್ತದೆ. ಮನಸ್ಸಿನಲ್ಲಿ ಕೆಜಿಗೆ 15ಕ್ಕಿಂತ ಕಮ್ಮಿ ಬೆಲೆ ಕಟ್ಟಿದವರು ಮಾರುತ್ತಾರೆ. 15ಕ್ಕೂ 45ಕ್ಕೂ ನಡುವೆ ಇರುವವರು ಕೊಳ್ಳುವುದೂ ಇಲ್ಲ, ಮಾರುವುದೂ ಇಲ್ಲ. ಮೂಲೆಯಲ್ಲೇ ಕೂರುತ್ತಾರೆ.

ಈ ಮೂಲೆ ತರಗತಿಯಲ್ಲಿ ಜಗಳ ತಂದಿತು. ಎಂಆರ್‌ಎಸ್ 5, ಅಂಗಡಿ ದರ 45, ಆದರೂ ಅಕ್ಕಿ ಮಾರದ ಆ ಮನೆಯಾಕೆಗೆ ಅದೇ ಒಳ್ಳೆಯ ಬಿಂದು ಎಂದಾಗ ಹಿಂದಿನ ಬೆಂಚಿನ ಹುಡುಗ ಎದ್ದ. "ಸಮ ಇಲ್ಲದಿದ್ದರೆ ಹೆಂಗೆ ಮೇಡಂ? ಬೋರ್ಡ್ ಎಕ್ಸಾಮಲ್ಲಿ ಹಿಂಗೆ ಬರೆದ್ರೆ ಮಾರ್ಕ್ಸ್ ಕೊಡ್ತಾರಾ?" ಪರೀಕ್ಷೆಗೆ ನೇರ ರೇಖೆಯದ್ದೇ ಬರೆ, ಅಲ್ಲಿ ಸಮ ಎಂಬ ಷರತ್ತೇ ಸರಿ ಎಂದೆ. ಆಮೇಲೆ ಅವನನ್ನು ಬೋರ್ಡಿಗೆ ಕರೆದು ಮರದ ಸ್ಕೇಲು ಕೊಟ್ಟೆ. ಮೊದಲು ನೇರ ರೇಖೆಗೆ ಇಡಿಸಿದೆ. ಅಲ್ಲಿ ಸ್ಕೇಲು ಒಂದೇ ರೀತಿಯಲ್ಲಿ ಕೂರುತ್ತದೆ, ಸ್ವಲ್ಪ ತಿರುಗಿಸಿದರೂ ರೇಖೆಯನ್ನು ಕತ್ತರಿಸುತ್ತದೆ. ಆಮೇಲೆ ಅಕ್ಕಿ ಗೆರೆಯ ಮೂಲೆಗೆ ಒರಗಿಸಿದ. ಮಟ್ಟಸದಿಂದ 45ರ ಇಳಿಜಾರಿನವರೆಗೆ ಹೇಗೆ ತಿರುಗಿಸಿದರೂ ಸ್ಕೇಲು ಆ ಒಂದು ಚುಕ್ಕಿಯನ್ನು ಮಾತ್ರ ಮುಟ್ಟುತ್ತಿತ್ತು. ಮೂರು ನಾಲ್ಕು ಸಲ ಆ ಕಡೆ ಈ ಕಡೆ ತಿರುಗಿಸಿ ನೋಡಿ, "ನಮ್ಮನೆದೂ ಇದೇ ಚುಕ್ಕಿ ಮೇಡಂ" ಎಂದು ಹೋಗಿ ಕೂತ.