ಕ್ಲಬ್ಬಿನ ಉಳಿತಾಯದಲ್ಲಿ ಉಯಿಲಿನ ದುಡ್ಡು ಸೇರಿಕೊಂಡರೆ?

ತೀರ್ಥಹಳ್ಳಿ ಹತ್ತಿರದ ಒಂದು ಕ್ಲಬ್ಬು ಅಂದುಕೊಳ್ಳಿ. ಒಂದು ಶಟಲ್ ಕೋರ್ಟು, ಕೇರಂ ಬೋರ್ಡು, ಪೇಪರ್ ಓದಲು ಒಂದು ಕೋಣೆ. ವರ್ಷಕ್ಕೆ 600 ರೂಪಾಯಿ ಚಂದಾ ಕಟ್ಟುವವರು 80 ಜನ, ಅಲ್ಲಿಗೆ 48,000. ಹೊಸದಾಗಿ ಸೇರಿದ 12 ಜನರಿಂದ ತಲಾ 500ರಂತೆ ಪ್ರವೇಶ ಶುಲ್ಕ 6,000. ಇವರಲ್ಲದೆ ಹಳೆಯ ಸದಸ್ಯರಲ್ಲಿ 10 ಜನ ತಲಾ 6,000 ಕಟ್ಟಿ ಆಜೀವ ಸದಸ್ಯರಾದರು, ಅದು 60,000. ತೀರಿಕೊಂಡ ಹಿರಿಯರೊಬ್ಬರು ಓದುವ ಕೋಣೆಗೆಂದು ಉಯಿಲಿನಲ್ಲಿ 2 ಲಕ್ಷ ಬರೆದಿಟ್ಟಿದ್ದರು. ಮಳೆಗಾಲಕ್ಕೆ ಮೊದಲು ಹೆಂಚು ಕೈಯಾಡಿಸಿದ್ದೂ ಸೇರಿ ವರ್ಷದ ಖರ್ಚು 62,000.

ಖಜಾಂಚಿ ಬಂದದ್ದನ್ನೆಲ್ಲ ಆದಾಯಕ್ಕೆ ಬರೆದರೆ 2,52,000 ಉಳಿತಾಯ ಕಾಣುತ್ತದೆ. ಮಹಾಸಭೆಯಲ್ಲಿ ‘ಚಂದಾ ಇಳಿಸಿ’ ಅಂತ ಯಾರಾದರೂ ಎದ್ದು ನಿಲ್ಲದೇ ಇರುತ್ತಾರಾ?

ಮೊದಲು ಕ್ಲಬ್ಬಿನ ಬೈಲಾ ತೆಗೆದು ನೋಡಿ. ಪ್ರವೇಶ ಶುಲ್ಕ ಬಂಡವಾಳ ನಿಧಿಗೆ, ಅಂದರೆ ಕ್ಲಬ್ಬಿನ ಮೂಲ ಗಂಟಿಗೆ, ಹೋಗಬೇಕೆಂದು ಅದರಲ್ಲಿದ್ದರೆ ಹಾಗೇ ಮಾಡಿ. ಇಲ್ಲದಿದ್ದರೆ ಆದಾಯಕ್ಕೇ ಬರೆಯಿರಿ. ಸದಸ್ಯ ಕೊಡುವುದು ಒಂದೇ ಸಲ ನಿಜ, ಆದರೆ ಕ್ಲಬ್ಬಿಗೆ ವರ್ಷ ವರ್ಷವೂ ಯಾರಾದರೂ ಸೇರುತ್ತಲೇ ಇರುತ್ತಾರೆ ಅಲ್ವಾ? ಕ್ಲಬ್ಬು ಶುರುವಾದ ವರ್ಷ ಮಾತ್ರ ಬೇರೆ. ಆಗ ಒಟ್ಟಿಗೇ ಬಂದ ದೊಡ್ಡ ಮೊತ್ತವನ್ನು ಬಂಡವಾಳಕ್ಕೆ ಸೇರಿಸುವುದೇ ಸರಿ ಅಂತ ನನಗನಿಸುತ್ತದೆ.

ಆಜೀವ ಶುಲ್ಕದ ಕತೆ ಹಾಗಲ್ಲ. ಅದು ಮುಂದಿನ ವರ್ಷಗಳ ಚಂದಾ ಒಟ್ಟಿಗೇ ಬಂದ ಹಾಗೆ. ಅವರು ಇನ್ನು ಮುಂದೆ ಬರೀ ಆಡಲು ಬರುತ್ತಾರೆ, ಕಟ್ಟಲು ಬರುವುದಿಲ್ಲ. ಹಾಗಾಗಿ 60,000ವನ್ನು ‘ಆಜೀವ ಸದಸ್ಯತ್ವ ನಿಧಿ’ ಎಂದು, ಕ್ಲಬ್ಬಿನ ಆಸ್ತಿ ಮತ್ತು ಜವಾಬ್ದಾರಿಗಳನ್ನು ತೋರಿಸುವ ಅಢಾವೆ ಪತ್ರಿಕೆಯ ಜವಾಬ್ದಾರಿ ಬದಿಯಲ್ಲಿ ತೋರಿಸಿ. ಅದರಿಂದ ವರ್ಷಕ್ಕೊಮ್ಮೆ ತಲಾ 600ರಂತೆ 6,000 ತೆಗೆದು ಆದಾಯಕ್ಕೆ ತನ್ನಿ. ಈ ವರ್ಷ ನಿಧಿಯಲ್ಲಿ ಉಳಿಯುವುದು 54,000. ಹೀಗೆ ತೆಗೆದರೆ ಹತ್ತು ವರ್ಷಕ್ಕೆ ನಿಧಿ ಖಾಲಿ, ಸದಸ್ಯರು ಮಾತ್ರ ಇದ್ದೇ ಇರುತ್ತಾರೆ. ಆ ಭಯಕ್ಕೇ ಕೆಲವರು ಏನೂ ತೆಗೆಯದೆ ಪೂರ್ತಿ ಬಂಡವಾಳವಾಗಿಯೇ ಇಡುತ್ತಾರೆ. ಯಾವುದನ್ನು ಹಿಡಿದರೂ ಸುಮ್ನೆ ವರ್ಷಕ್ಕೊಂದು ಥರ ಬದಲಾಯಿಸಬೇಡಿ.

ಉಯಿಲಿನ ಹಣ ಪದೇ ಪದೇ ಬರುವಂಥದ್ದಲ್ಲ. ಉದ್ದೇಶ ಹೇಳದೆ ಕೊಟ್ಟಿದ್ದರೆ ನೇರ ಬಂಡವಾಳ ನಿಧಿಗೆ. ಇಲ್ಲಿ ಓದುವ ಕೋಣೆಗೆ ಅಂತ ಹೇಳಿದ್ದಾರೆ, ಆದ್ದರಿಂದ ಅದಕ್ಕೇ ಪ್ರತ್ಯೇಕ ನಿಧಿ ತೆರೆಯಬೇಕು. ಆ ಹಣ ಠೇವಣಿಯಲ್ಲಿದ್ದರೆ ಬಡ್ಡಿಯೂ ಅದೇ ನಿಧಿಗೆ ಸೇರುತ್ತದೆ. ಆ ನಿಧಿಯಿಂದ ಪೇಪರ್ ತರಿಸಿದರೆ ಆ ಖರ್ಚನ್ನು ನಿಧಿಯಲ್ಲೇ ಕಳೆಯಿರಿ, ಆದಾಯ ವೆಚ್ಚ ಖಾತೆಗೆ ತರಬೇಡಿ. ಕಪಾಟು ಮಾಡಿಸಿದರೆ ಕಪಾಟು ಆಸ್ತಿ ಬದಿಗೆ ಹೋಗುತ್ತದೆ, ಅಷ್ಟೇ ಮೊತ್ತ ಈ ನಿಧಿಯಿಂದ ಬಂಡವಾಳ ನಿಧಿಗೆ.

ಈಗ ಮತ್ತೆ ಕೂಡಿಸಿ. ಚಂದಾ 48,000, ಪ್ರವೇಶ ಶುಲ್ಕ 6,000, ಆಜೀವ ನಿಧಿಯಿಂದ 6,000, ಒಟ್ಟು 60,000. ಖರ್ಚು 62,000. ಎರಡೂವರೆ ಲಕ್ಷ ಉಳಿತಾಯ ಕಂಡ ಕ್ಲಬ್ಬಿಗೆ ನಿಜವಾಗಿ 2,000 ರೂಪಾಯಿ ಕೊರತೆ. ಚಂದಾ ಇಳಿಸುವ ಮಾತು ಹಾಗಿರಲಿ, 25 ರೂಪಾಯಿ ಏರಿಸಿದರಷ್ಟೇ ಸರಿಹೋಗುತ್ತದೆ.